ಒಂದೇ ಕಾಯಿನ್ ಇಬ್ಬರಿಗೆ ಕಳಿಸಿದರೆ?

"ಬಿಟ್‌ಕಾಯಿನ್‌ಗೆ ಬ್ಯಾಂಕೇ ಇಲ್ಲ ಅಂದ್ಮೇಲೆ, ಒಂದೇ ಕಾಯಿನ್ನನ್ನ ಇಬ್ಬರಿಗೆ ಕಳಿಸಿದ್ರೆ ಹಿಡಿಯೋರು ಯಾರು?"

ಎಲ್ಲರೂ ಹಿಡಿಯುತ್ತಾರೆ ಸರ್. ಲೆಕ್ಕದ ಪ್ರತಿ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಅದರಲ್ಲಿ ಬ್ಯಾಲೆನ್ಸ್ ಅನ್ನೋ ಕಾಲಂ ಇಲ್ಲ, ಬರೀ ವರ್ಗಾವಣೆಗಳು. ನಿಮಗೆ 1 ಬಿಟ್‌ಕಾಯಿನ್ ಬಂದಿದೆ, ರಮೇಶನಿಗೆ 0.3 ಕೊಡಬೇಕು ಅಂದುಕೊಳ್ಳಿ. ಆ 1 ಪೂರ್ತಿ ಖರ್ಚಾಗುತ್ತದೆ: 0.3 ರಮೇಶನಿಗೆ, 0.6999 ನಿಮಗೇ ವಾಪಸ್, ಉಳಿದ 0.0001 ವರ್ಗಾವಣೆಗಳನ್ನು ಲೆಕ್ಕಕ್ಕೆ ಸೇರಿಸುವ ಮೈನರ್‌ಗೆ ಫೀಸು. ಪ್ರತಿ ಕಂಪ್ಯೂಟರ್ ಎರಡು ವಿಷಯ ನೋಡುತ್ತದೆ. ಡಿಜಿಟಲ್ ಸಹಿ ಸರಿಯಿದೆಯಾ? ಆ 1 ಮೊದಲೇ ಖರ್ಚಾಗಿದೆಯಾ?

ಅದೇ 1 ಅನ್ನು ಸುರೇಶನಿಗೂ ಕಳಿಸಿದರೆ, ಯಾವುದು ಮೊದಲು ಬ್ಲಾಕ್, ಅಂದರೆ ವರ್ಗಾವಣೆಗಳ ಕಂತೆ, ಸೇರುತ್ತದೋ ಅದೇ ನಿಲ್ಲುತ್ತದೆ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ. ಅದನ್ನು ಕಟ್ಟಲು ಮೈನರ್‌ಗಳು ಸಿಕ್ಕಾಪಟ್ಟೆ ಕರೆಂಟ್ ಸುಡಬೇಕು. ಪ್ರತಿ ಬ್ಲಾಕ್‌ನಲ್ಲೂ ಹಿಂದಿನದರ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಇರುತ್ತದೆ. ಹಾಗಾಗಿ ಹಳೆಯದೊಂದನ್ನು ತಿದ್ದಿದರೆ, ಮುಂದಿನದೆಲ್ಲ ಮತ್ತೆ ಕಟ್ಟಬೇಕು.

ಒಮ್ಮೊಮ್ಮೆ ಎರಡು ಬ್ಲಾಕ್ ಒಟ್ಟಿಗೇ ಬಂದುಬಿಡುತ್ತವೆ. ಆಗ ಜಾಸ್ತಿ ಮೈನಿಂಗ್ ಕೆಲಸ ಸೇರಿದ ಬ್ಲಾಕ್‌ಗಳ ಸರಪಳಿ ಗೆಲ್ಲುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಅದಕ್ಕೇ ದೊಡ್ಡ ಮೊತ್ತಕ್ಕೆ 6 ಬ್ಲಾಕ್ ಆಗುವವರೆಗೆ ಕಾಯುವುದು.

ಇದು ಮುರಿಯೋದೇ ಇಲ್ಲ ಅಂತಲ್ಲ. ಅರ್ಧಕ್ಕಿಂತ ಜಾಸ್ತಿ ಮೈನಿಂಗ್ ಶಕ್ತಿ ಒಬ್ಬರ ಕೈಗೆ ಬಂದರೆ, ಅವರು ತಮ್ಮದೇ ಪಾವತಿಯನ್ನು ಅಳಿಸಿ ಅದೇ ಹಣವನ್ನು ಮತ್ತೆ ಖರ್ಚು ಮಾಡಬಹುದು. ಮೈನರ್‌ಗಳು ಕಡಿಮೆಯಿದ್ದ ಎಥೀರಿಯಮ್ ಕ್ಲಾಸಿಕ್ ಎಂಬ ಬೇರೊಂದು ಕ್ರಿಪ್ಟೋಕರೆನ್ಸಿಯಲ್ಲಿ 2019 ಮತ್ತು 2020ರಲ್ಲಿ ಹೀಗೇ ಆಯಿತು. ಆದರೆ ಹಾಗಿದ್ದರೂ ನಿಮ್ಮ ಕಾಯಿನ್ನನ್ನು ಅವರು ಖರ್ಚು ಮಾಡಲಾರರು, ನಿಮ್ಮ ಸಹಿ ಬೇಕಲ್ವಾ?