ಕಟ್ಟಿದ್ದು ಆರೂವರೆ ಲಕ್ಷ, ಇಳಿದದ್ದು ಒಂದೂಕಾಲು ಲಕ್ಷವೂ ಇಲ್ಲ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಲು 20 ಲಕ್ಷ ರೂಪಾಯಿ ಸಾಲ ಪಡೆದಿದ್ದೇನೆ. ಶೇ 9ರ ಬಡ್ಡಿ, 20 ವರ್ಷದ ಅವಧಿ, ತಿಂಗಳ ಕಂತು 17,995 ರೂಪಾಯಿ. ಮೂರು ವರ್ಷದಲ್ಲಿ ಸುಮಾರು ಆರೂವರೆ ಲಕ್ಷ ಕಟ್ಟಿದ್ದರೂ ಬಾಕಿ ಇನ್ನೂ 18 ಲಕ್ಷ 77 ಸಾವಿರದಷ್ಟಿದೆ. ಬ್ಯಾಂಕಿನವರು ಮೊದಲು ಬಡ್ಡಿಯನ್ನೆಲ್ಲ ಹಿಂಡಿಕೊಂಡು ಆಮೇಲೆ ಅಸಲಿಗೆ ಕೈ ಹಾಕುತ್ತಾರೆ ಎಂದು ನೆರೆಮನೆಯವರು ಹೇಳುತ್ತಾರೆ, ನಿಜವೇ? ನಾನು ಶಾಲಾ ಶಿಕ್ಷಕ. ಈ ವರ್ಷ ಅಡಿಕೆ ಮಾರಿದ ಹಣದಲ್ಲಿ ಒಂದು ಲಕ್ಷ ಉಳಿದಿದೆ, ಸಾಲಕ್ಕೆ ಕಟ್ಟಿದರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ನೆರೆಯವರು ಕಂಡದ್ದು ಸರಿ, ಅದಕ್ಕೆ ಕೊಟ್ಟ ಕಾರಣ ತಪ್ಪು. ಮುಂದಿನ ವರ್ಷಗಳ ಬಡ್ಡಿಯನ್ನು ಯಾರೂ ಈಗಲೇ ವಸೂಲು ಮಾಡುತ್ತಿಲ್ಲ. ಪ್ರತಿ ತಿಂಗಳೂ ಆ ತಿಂಗಳು ನಿಮ್ಮ ಬಳಿ ಉಳಿದಿರುವ ಬಾಕಿಗೆ ಆ ತಿಂಗಳಿನ ಬಡ್ಡಿ ಮಾತ್ರ ಬೀಳುತ್ತದೆ. ಮಲೆನಾಡಿನವರಿಗೆ ಗೇಣಿಯ ಲೆಕ್ಕ ಹೊಸದಲ್ಲ. ಬಡ್ಡಿಯೂ ಹಣದ ಗೇಣಿಯೇ, ಎಷ್ಟು ಹಣ ಇನ್ನೂ ನಿಮ್ಮ ಕೈಯಲ್ಲಿದೆಯೋ ಅಷ್ಟಕ್ಕೆ. ಕಂತಿನ ಮೊತ್ತ ನಿಗದಿಯಾಗಿರುವುದರಿಂದ ಬಡ್ಡಿ ಕಳೆದು ಉಳಿದದ್ದಷ್ಟೇ ಅಸಲಿಗೆ ಹೋಗುತ್ತದೆ.

ನಿಮ್ಮ ಮೊದಲ ಕಂತನ್ನೇ ಬಿಡಿಸಿ ನೋಡೋಣ. ವರ್ಷಕ್ಕೆ ಶೇ 9 ಎಂದರೆ ತಿಂಗಳಿಗೆ ಶೇ 0.75. ಇಪ್ಪತ್ತು ಲಕ್ಷಕ್ಕೆ ಅದು 15,000 ರೂಪಾಯಿ. ನೀವು ಕಟ್ಟಿದ 17,995ರಲ್ಲಿ ಇಷ್ಟು ಬಡ್ಡಿಗೆ ಹೋಗಿ 2,995 ಮಾತ್ರ ಅಸಲಿಗೆ ಜಮೆಯಾಯಿತು. ಎರಡನೆಯ ತಿಂಗಳು ಬಾಕಿ 19,97,005ಕ್ಕೆ ಇಳಿದಿತ್ತು, ಅದರ ಬಡ್ಡಿ 14,978. ಹಾಗಾಗಿ ಅಸಲಿಗೆ 3,017 ಸಿಕ್ಕಿತು. ಹಿಂದಿನ ತಿಂಗಳಿಗಿಂತ 22 ರೂಪಾಯಿ ಹೆಚ್ಚು. ಈ 22 ರೂಪಾಯಿ ಎಲ್ಲಿಂದ ಬಂತು ಎಂದು ಕೇಳಿದರೆ, ಮೊದಲ ತಿಂಗಳು ತೀರಿಸಿದ 2,995ರ ಮೇಲೆ ಇನ್ನು ಬೀಳದ ಬಡ್ಡಿ ಅದು. ಇಡೀ ಸಾಲ ಹೀಗೆಯೇ ಸಾಗುತ್ತದೆ: ಅಸಲಿನ ಪಾಲು ಪ್ರತಿ ತಿಂಗಳೂ ಹಿಂದಿನದಕ್ಕಿಂತ ಶೇ 0.75ರಷ್ಟು ಬೆಳೆಯುತ್ತದೆ, ಬಡ್ಡಿಯ ಪಾಲು ಅಷ್ಟೇ ರೂಪಾಯಿ ಕುಗ್ಗುತ್ತದೆ.

ಆರಂಭದಲ್ಲಿ ಈ ಬೆಳವಣಿಗೆ ಕಣ್ಣಿಗೆ ಕಾಣದಷ್ಟು ನಿಧಾನ. ಮೂರು ವರ್ಷದಲ್ಲಿ ನೀವು ಕಟ್ಟಿದ ಸುಮಾರು 6,47,800 ರೂಪಾಯಿಯಲ್ಲಿ 5,24,600 ಬಡ್ಡಿ, 1,23,200 ಅಸಲು. ದರ ಬದಲಾಗದಿದ್ದರೆ ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ದಾಟುವುದು 149ನೆಯ ಕಂತಿನಲ್ಲಿ, ಅಂದರೆ ಹನ್ನೆರಡು ವರ್ಷ ಕಳೆದ ಮೇಲೆ. ಸಾಲ ಅರ್ಧಕ್ಕೆ ಇಳಿಯಲು ಹದಿನಾಲ್ಕು ವರ್ಷ ಬೇಕು. ಉಳಿದರ್ಧ ಕೊನೆಯ ಆರು ವರ್ಷಗಳಲ್ಲಿ ತೀರುತ್ತದೆ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಷ್ಟು ಕಾಲವೂ, ಈ ಲೆಕ್ಕವನ್ನು ಸಾಲ ಮಂಜೂರಾಗುವ ದಿನ ಕೇಳಿದವರು ಬೆರಳೆಣಿಕೆಯಷ್ಟು, ಮೂರನೆಯ ವರ್ಷ ಸಿಟ್ಟಿನಿಂದ ಕೇಳಲು ಬಂದವರೇ ಬಹಳ.

ನಿಮ್ಮ ಸ್ಟೇಟ್‌ಮೆಂಟ್ ತೆಗೆದು ಯಾವ ತಿಂಗಳನ್ನಾದರೂ ನೀವೇ ತಾಳೆ ನೋಡಬಹುದು. ತಿಂಗಳ ಆರಂಭದ ಬಾಕಿಯನ್ನು 9ರಿಂದ ಗುಣಿಸಿ 1,200ರಿಂದ ಭಾಗಿಸಿದರೆ ಬಡ್ಡಿ ಬರುತ್ತದೆ. ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತಿದ್ದರೆ 31 ದಿನದ ತಿಂಗಳಿಗೆ ಸ್ವಲ್ಪ ಹೆಚ್ಚು, ಫೆಬ್ರುವರಿಗೆ ಸಾಕಷ್ಟು ಕಡಿಮೆ ಬರುತ್ತದೆ. 20 ಲಕ್ಷದ ಬಾಕಿಗೆ ಇವೆರಡರ ನಡುವಿನ ಅಂತರವೇ ಸುಮಾರು ಒಂದೂವರೆ ಸಾವಿರ ರೂಪಾಯಿ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ವ್ಯತ್ಯಾಸ ತಿಂಗಳು ತಿಂಗಳೂ ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ದರ ಬದಲಾಗಿದೆಯೇ ಎಂದು ಶಾಖೆಯಲ್ಲಿ ಕೇಳಬೇಕು.

ದರದ ವಿಷಯದಲ್ಲಿ ಹೆಚ್ಚಿನವರು ಎಡವುವುದೂ ಇಲ್ಲಿಯೇ. ಬದಲಾಗುವ ದರದ ಸಾಲದಲ್ಲಿ ದರ ಏರಿದಾಗ ಕಂತು ಅಷ್ಟೇ ಇದ್ದರೆ, ಏರಿಕೆಯಾಗಲಿಲ್ಲ ಎಂದು ನೆಮ್ಮದಿಯಾಗಿರುತ್ತೇವೆ. ನಿಮ್ಮ ಈಗಿನ ಬಾಕಿಗೆ ದರ ಶೇ 9.5 ಆಗಿ ಕಂತು ಹಾಗೆಯೇ ಉಳಿದರೆ ತಿಂಗಳ ಬಡ್ಡಿ 14,076ರಿಂದ 14,858ಕ್ಕೆ ಏರುತ್ತದೆ, ಅಸಲಿನ ಪಾಲು 3,919ರಿಂದ 3,137ಕ್ಕೆ ಇಳಿಯುತ್ತದೆ, ಬಾಕಿ 204 ಕಂತುಗಳು 222 ಆಗುತ್ತವೆ. ಅರ್ಧ ಪರ್ಸೆಂಟಿಗೆ ಒಂದೂವರೆ ವರ್ಷ! ದರ ಮರುನಿಗದಿಯಾಗುವಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಪ್ರತಿ ಮೂರು ತಿಂಗಳಿಗೊಮ್ಮೆ ಕೊಡಬೇಕಾದ ವಿವರಪಟ್ಟಿಯಲ್ಲಿ ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರಬೇಕೆಂಬುದೂ ಅದೇ ಸೂಚನೆಯಲ್ಲಿದೆ. ಕಂತಿನ ಮೊತ್ತಕ್ಕಿಂತ ಮೊದಲು ಕಂತುಗಳ ಸಂಖ್ಯೆಯನ್ನು ನೋಡಿರಿ.

ಈಗ ನಿಮ್ಮ ಅಡಿಕೆ ಹಣದ ಮಾತು. ಒಂದು ಲಕ್ಷ ಅಸಲಿಗೆ ಕಟ್ಟಿದ ಮರುತಿಂಗಳೇ ಬಡ್ಡಿ 750 ರೂಪಾಯಿ ಕಡಿಮೆಯಾಗುತ್ತದೆ. ಕಂತು ಬದಲಾಗದಿದ್ದರೆ ಆ 750 ಪೂರ್ತಿಯಾಗಿ ಅಸಲಿನ ಪಾಲಿಗೆ ಸೇರಿ, 3,919 ಇದ್ದದ್ದು 4,669 ಆಗುತ್ತದೆ. ಇಷ್ಟು ಅಸಲಿನ ಪಾಲು ಸಹಜವಾಗಿ ಬರಬೇಕಾಗಿದ್ದದ್ದು ಅರವತ್ತನೆಯ ಕಂತಿನ ಆಸುಪಾಸಿನಲ್ಲಿ. ನೀವು 37ನೆಯ ಕಂತಿನಲ್ಲೇ ಅಲ್ಲಿಗೆ ತಲುಪುತ್ತೀರಿ. ಬಾಕಿ ಕಂತುಗಳು 204ರಿಂದ 181ಕ್ಕೆ ಇಳಿದು, ಮುಂದಿನ ಬಡ್ಡಿಯಲ್ಲಿ ಸುಮಾರು 3.2 ಲಕ್ಷ ರೂಪಾಯಿ ಉಳಿಯುತ್ತದೆ.

ಇದು ಅವಧಿ ಕಡಿಮೆ ಮಾಡಿಸಿಕೊಂಡರೆ ಮಾತ್ರ. ಅವಧಿ ಹಾಗೆಯೇ ಇಟ್ಟು ಕಂತು ಇಳಿಸಿಕೊಂಡರೆ ಅದು 17,036ಕ್ಕೆ ಬರುತ್ತದೆ, ಉಳಿತಾಯ ಇಡೀ ಅವಧಿಗೆ ಸುಮಾರು 95 ಸಾವಿರ. ಬರಿಯ ತೋಟವನ್ನೇ ನೆಚ್ಚಿದವರಿಗೆ, ಕೊಳೆರೋಗ ಬಂದ ವರ್ಷದಲ್ಲಿ ತಿಂಗಳಿಗೆ 959 ರೂಪಾಯಿ ಹಗುರಾಗುವುದೂ ದೊಡ್ಡದೇ, ಅವರಿಗೆ ನಾನು ಎರಡನೆಯದನ್ನೇ ಹೇಳಿಯೇನು. ನಿಮಗೆ ಸಂಬಳವಿದೆ, ಮೂರು ವರ್ಷದಿಂದ ಕಂತು ನಡೆಸಿಕೊಂಡು ಬಂದಿದ್ದೀರಿ. ಹಾಗಾಗಿ ಮನೆಯ ತುರ್ತಿಗೆ ಬೇರೆ ಹಣ ಕೈಯಲ್ಲಿದ್ದರೆ ಅವಧಿ ಇಳಿಸುವುದೇ ಒಳ್ಳೆಯದು. ವೈಯಕ್ತಿಕವಾಗಿ ಪಡೆದ, ಬದಲಾಗುವ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ನಿಮ್ಮದು ಸ್ಥಿರ ದರದ್ದಾದರೆ ಕರಾರುಪತ್ರ ಓದಿಕೊಂಡು ಹೋಗಿರಿ.

ಹಣ ಕಟ್ಟುವಾಗ ‘ಅಸಲಿಗೆ ಭಾಗಶಃ ಪಾವತಿ, ಕಂತು ಬದಲಿಸದೆ ಅವಧಿ ಕಡಿಮೆ ಮಾಡುವುದು’ ಎಂದು ಅರ್ಜಿಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹೀಗೆ ಬರೆಯದೆ ಕಟ್ಟಿದ ಹಣವನ್ನು ಮುಂದಿನ ಕಂತುಗಳ ಮುಂಗಡವೆಂದು ಇಟ್ಟುಕೊಂಡ ಪ್ರಸಂಗವೊಂದನ್ನು ನಾನೇ ಸರಿಪಡಿಸಿಕೊಟ್ಟಿದ್ದೇನೆ. ಆರು ತಿಂಗಳ ತನಕ ಆ ಗ್ರಾಹಕರ ಅಸಲು ನಯಾಪೈಸೆಯಷ್ಟೂ ಹೆಚ್ಚಿಗೆ ಇಳಿದಿರಲಿಲ್ಲ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ 13,326ರ ಆಸುಪಾಸಿಗೆ, ಉಳಿದ ಕಂತುಗಳು 181ಕ್ಕೆ ಇಳಿದಿದ್ದರೆ ಹಣ ಸರಿಯಾದ ಕಡೆ ಹೋಗಿದೆ ಎಂದು ತಿಳಿಯಿರಿ.