ನಾಲಿಗೆಯ ಐದು ನರಗಳು, ಮತ್ತು ಯಾವ ಕಡೆ ವಾಲುತ್ತದೆ ಎಂಬ ಗೊಂದಲ

"ಫಸ್ಟ್ ಇಯರ್ ಎಂಬಿಬಿಎಸ್. ಹನ್ನೆರಡು ಕ್ರೇನಿಯಲ್ ನರ್ವ್‌ಗಳ ಹೆಸರು ಸಾಲಾಗಿ ಬರುತ್ತೆ. ಆದ್ರೆ ವೈವಾದಲ್ಲಿ ನಾಲಿಗೆ ಬಗ್ಗೆ ಕೇಳಿದ್ರೆ 5, 7, 9 ಎಲ್ಲಾ ಕಲಸಿಹೋಗುತ್ತೆ. ಯಾವ ಕಡೆ ವಾಲುತ್ತೆ ಅನ್ನೋದನ್ನೂ ಉಲ್ಟಾ ಹೇಳ್ತೀನಿ. ಏನಾದ್ರೂ ಟ್ರಿಕ್ ಇದೆಯಾ?"

ಇದೆ. ಆದರೆ ಸಾಲು ನೆನಪಿಸುವ ಇಂಗ್ಲಿಷ್ ವಾಕ್ಯಗಳು ಹೆಸರು ಮುಗಿಯುತ್ತಿದ್ದಂತೆ ಕೈಕೊಡುತ್ತವೆ. ಕೆಲಸಕ್ಕೆ ಅಂಕಿಗಳೇ ವಾಸಿ. ಬರೀ ಸೆನ್ಸರಿ ಎಂದರೆ 1, 2, 8. ಮಿಕ್ಸೆಡ್ ಎಂದರೆ 5, 7, 9, 10. ಉಳಿದ ಐದೂ ಮೋಟಾರ್. ಪ್ಯಾರಾಸಿಂಪಥೆಟಿಕ್ ತಂತುಗಳನ್ನು ಹೊರತರುವ ನರಗಳಿಗೆ 1973 ಎಂಬ ಇಸವಿ ಇಟ್ಟುಕೊಳ್ಳಿ: 10 (ಸೊನ್ನೆ ಬಿಟ್ಟು), 9, 7, 3. ಹೆಚ್ಚಿನವರು ಎಡವುವುದು ಮಿಕ್ಸೆಡ್ ಮತ್ತು ಪ್ಯಾರಾಸಿಂಪಥೆಟಿಕ್ ಪಟ್ಟಿಗಳ ನಡುವೆ. 7, 9, 10 ಎರಡರಲ್ಲೂ ಇವೆ. ಮಿಕ್ಸೆಡ್‌ನಲ್ಲಿ 5 ಇದ್ದ ಜಾಗದಲ್ಲಿ ಇಲ್ಲಿ 3 ಬರುತ್ತದೆ. 5ರ ಕವಲುಗಳ ಮೇಲೆ ಬೇರೆ ನರಗಳ ಪ್ಯಾರಾಸಿಂಪಥೆಟಿಕ್ ತಂತುಗಳು ಸವಾರಿ ಹೋಗುತ್ತವೆ ಅಷ್ಟೇ, ಅದರದ್ದೇ ಎಂಬುದು ಒಂದೂ ಇಲ್ಲ.

ಈಗ ನಾಲಿಗೆ. ಇದನ್ನು ಉರು ಹೊಡೆಯಬೇಡಿ, ಭ್ರೂಣದಲ್ಲಿ ಅದು ಹುಟ್ಟಿದ ರೀತಿಯಿಂದಲೇ ಉತ್ತರ ಬರುತ್ತದೆ. ಫ್ಯಾರಿಂಜಿಯಲ್ ಆರ್ಚ್ ಒಂದಕ್ಕೆ 5, ಎರಡಕ್ಕೆ 7, ಮೂರಕ್ಕೆ 9, ನಾಲ್ಕು ಮತ್ತು ಆರಕ್ಕೆ 10. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ಲೋಳೆಪೊರೆ ಮೊದಲ ಆರ್ಚ್‌ನದು. ಹಾಗಾಗಿ ಅಲ್ಲಿ ಮುಟ್ಟಿದ್ದು, ಚುಚ್ಚಿದ್ದು, ಬಿಸಿ ಎಲ್ಲ 5ರ ಲಿಂಗ್ವಲ್ ನರಕ್ಕೆ ಸೇರಿದ್ದು. ರುಚಿ ಮಾತ್ರ 7ರ ಕಾರ್ಡಾ ಟಿಂಪನಿಗೆ. ಹಿಂದಿನ ಮೂರನೇ ಒಂದು ಭಾಗ ಮೂರನೇ ಆರ್ಚ್‌ನದು, ಅಲ್ಲಿ ಸ್ಪರ್ಶವೂ ರುಚಿಯೂ 9ಕ್ಕೇ. ಎಪಿಗ್ಲಾಟಿಸ್ ಹತ್ತಿರದ ತೀರ ಹಿಂದಿನ ತುಂಡು 10ಕ್ಕೆ. ಸ್ನಾಯುಗಳ ಮೂಲವೇ ಬೇರೆ, ಆಕ್ಸಿಪಿಟಲ್ ಮಯೋಟೋಮ್, ಅವೆಲ್ಲ 12ಕ್ಕೆ. ಪ್ಯಾಲಟೋಗ್ಲಾಸಸ್ ಒಂದು ಮಾತ್ರ 10ಕ್ಕೆ, ಏಕೆಂದರೆ ಅದು ನಿಜದಲ್ಲಿ ಅಂಗುಳಿನ ಸ್ನಾಯು.

ಇಲ್ಲೊಂದು ಬಲೆ ಇದೆ. ಸರ್ಕಮ್‌ವಲ್ಲೇಟ್ ಪ್ಯಾಪಿಲ್ಲೆಗಳು ಸಲ್ಕಸ್ ಟರ್ಮಿನಾಲಿಸ್‌ನ ಮುಂದೆ ಕೂತಿರುತ್ತವೆ, ಆದರೂ ಅವುಗಳ ರುಚಿ 9ಕ್ಕೆ. ಚಿತ್ರ ಬರೆಯುವಾಗ 9ರ ಗಡಿಯನ್ನು ಸಲ್ಕಸ್ ಮೇಲೆಯೇ ಎಳೆದರೆ ತಪ್ಪು, ಪ್ಯಾಪಿಲ್ಲೆಗಳನ್ನೂ ಒಳಗೆ ಸೇರಿಸಿಕೊಂಡು ತುಸು ಮುಂದೆ ಎಳೆಯಿರಿ.

ಇಷ್ಟು ಗಟ್ಟಿಯಾದರೆ ಕೇಸ್ ಪ್ರಶ್ನೆ ಬಿಡಿಸಬಹುದು. ಎಡ ಕೆಳದವಡೆಯ ಬುದ್ಧಿಹಲ್ಲು ಕೀಳುವಾಗ ಲಿಂಗ್ವಲ್ ನರ ತುಂಡಾಯಿತು ಎನ್ನಿ. ಆ ಹಲ್ಲಿನ ಪಕ್ಕದಲ್ಲಿ ಬರುವಷ್ಟರಲ್ಲಿ ಕಾರ್ಡಾ ಟಿಂಪನಿ ಅದನ್ನು ಸೇರಿಯಾಗಿರುತ್ತದೆ. ಸೇರುವ ಜಾಗ ಮೇಲೆ, ಇನ್ಫ್ರಾಟೆಂಪೊರಲ್ ಫಾಸಾದಲ್ಲಿ. ಆದ್ದರಿಂದ ಎಡಭಾಗದ ಮುಂದಿನ ಮೂರನೇ ಎರಡರಲ್ಲಿ ಸ್ಪರ್ಶವೂ ಹೋಗುತ್ತದೆ, ರುಚಿಯೂ ಹೋಗುತ್ತದೆ, ಆ ಕಡೆಯ ಸಬ್‌ಮ್ಯಾಂಡಿಬ್ಯುಲರ್ ಮತ್ತು ಸಬ್‌ಲಿಂಗ್ವಲ್ ಗ್ರಂಥಿಗಳ ಜೊಲ್ಲೂ ಕಡಿಮೆಯಾಗುತ್ತದೆ. ಅದೇ ನರ ಸೇರುವ ಜಾಗಕ್ಕಿಂತ ಮೇಲೆ ತುಂಡಾಗಿದ್ದರೆ ಸ್ಪರ್ಶ ಮಾತ್ರ ಹೋಗುತ್ತಿತ್ತು, ರುಚಿ ಉಳಿಯುತ್ತಿತ್ತು. ಎರಡರಲ್ಲೂ ನಾಲಿಗೆ ಚಾಚಿದರೆ ನೇರವಾಗಿಯೇ ಬರುತ್ತದೆ, 12ಕ್ಕೆ ಏನೂ ಆಗಿಲ್ಲವಲ್ಲ. ಉತ್ತರದಲ್ಲಿ ಈ ಕೊನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ವಾಲುವ ದಿಕ್ಕಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸ್ನಾಯು ತಳ್ಳುತ್ತದೆಯೋ, ಎಳೆಯುತ್ತದೆಯೋ? ಜೀನಿಯೋಗ್ಲಾಸಸ್ ನಾಲಿಗೆಯನ್ನು ಮುಂದಕ್ಕೆ ಮತ್ತು ಎದುರು ಬದಿಗೆ ತಳ್ಳುತ್ತದೆ. ಎಡದ 12 ಕೆಟ್ಟರೆ ಬಲದ ಸ್ನಾಯುವೊಂದೇ ತಳ್ಳಿ, ನಾಲಿಗೆ ಎಡಕ್ಕೆ ವಾಲುತ್ತದೆ. ದವಡೆಯ ಲ್ಯಾಟರಲ್ ಟೆರಿಗಾಯ್ಡ್ ಕೂಡ ತಳ್ಳುವುದೇ, ಹಾಗಾಗಿ ಎಡದ 5 ಕೆಟ್ಟರೆ ಬಾಯಿ ತೆರೆದಾಗ ದವಡೆಯೂ ಎಡಕ್ಕೇ. ಕಿರುನಾಲಿಗೆಯನ್ನು ಮೇಲೆತ್ತುವ ಲಿವೇಟರ್ ವೆಲಿ ಪ್ಯಾಲಟೈನಿ ಎಳೆಯುವ ಸ್ನಾಯು. ಎಡದ 10 ಕೆಟ್ಟರೆ "ಆ" ಎಂದಾಗ ಕಿರುನಾಲಿಗೆ ಬಲಕ್ಕೆ ಹೋಗುತ್ತದೆ. ಎಡದ 7 ಕೆಟ್ಟು ನಕ್ಕಾಗ ಬಾಯಿ ಬಲಕ್ಕೆ ಎಳೆದುಕೊಳ್ಳುವುದೂ ಹಾಗೆಯೇ. ತಳ್ಳುವವು ಕೆಟ್ಟ ಕಡೆಗೆ, ಎಳೆಯುವವು ಒಳ್ಳೆಯ ಕಡೆಗೆ.

ಒಂದು ಎಚ್ಚರಿಕೆ: ಇದೆಲ್ಲ ನರಕ್ಕೇ ಪೆಟ್ಟಾದಾಗಿನ ಮಾತು. 12ರ ವಿಷಯದಲ್ಲಿ ಪೆಟ್ಟು ಎಡ ಮಿದುಳಿನ ಕಾರ್ಟೆಕ್ಸ್‌ನಲ್ಲಿದ್ದರೆ ದುರ್ಬಲವಾಗುವುದು ಬಲಭಾಗ, ನಾಲಿಗೆ ವಾಲುವುದೂ ಬಲಕ್ಕೆ. ಅದಕ್ಕೇ ಉತ್ತರ ಬರೆಯುವಾಗ "ಲೋವರ್ ಮೋಟಾರ್ ನ್ಯೂರಾನ್ ಲೀಶನ್" ಎಂದು ಮೊದಲೇ ಹಾಕಿ. ಪ್ರಶ್ನೆಯಲ್ಲಿ ನಾಲಿಗೆಯ ಅರ್ಧಭಾಗ ಸೊರಗಿದೆ, ಅದುರುತ್ತಿದೆ ಎಂಬ ಸುಳಿವು ಇದ್ದರೆ ಪೆಟ್ಟು ನರಕ್ಕೆ ಅಥವಾ ಅದರ ನ್ಯೂಕ್ಲಿಯಸ್‌ಗೆ ಆಗಿದೆ ಎಂದೇ ಲೆಕ್ಕ.