ಮೊದಲ ದಿನಕ್ಕೂ ಮೊದಲು ಒಂದು ಪತ್ರ

*ಸಂಪಾದಕರಿಗೆ ನಮಸ್ಕಾರ. ನನಗೆ ಡೇಟಾ ಅನಲಿಸ್ಟ್ ಕೆಲಸ ಸಿಕ್ಕಿದೆ. ಜೂನ್ 8ರ ಸೋಮವಾರ ಸೇರಬೇಕು. ನನ್ನ ಮ್ಯಾನೇಜರ್ ಯಾರೆಂದು ಎಚ್‌ಆರ್ ತಿಳಿಸಿದ್ದಾರೆ, ಆದರೆ ಸಂದರ್ಶನ ಮಾಡಿದವರು ಬೇರೆಯವರು. ಸೇರುವ ಮೊದಲೇ ಮ್ಯಾನೇಜರ್‌ಗೊಂದು ಇಮೇಲ್ ಬರೆಯೋಣ ಅಂತ ಕೂತೆ. ಒಂದೂವರೆ ಪುಟ ಆಯಿತು, ಅದನ್ನೂ ಜೊತೆಗೆ ಕಳಿಸಿದ್ದೇನೆ. ನಮ್ಮಣ್ಣ ನೋಡಿ, “ಸುಮ್ನೆ ಯಾಕೆ ಬರೀತೀಯ? ಎಲ್ಲಾ ಎಚ್‌ಆರ್ ಹೇಳಿದ್ದಾರಲ್ಲ. ಬೆಣ್ಣೆ ಹಚ್ತಿದ್ದಾಳೆ ಅಂದ್ಕೋತಾರೆ” ಅಂದ. ಕಳಿಸಲೋ ಬೇಡವೋ?*
*— ಒಬ್ಬ ಓದುಗಿ*

ಕಳಿಸಿ. ಆದರೆ ನೀವು ಬರೆದಿರುವುದನ್ನಲ್ಲ.

ನಿಮ್ಮಣ್ಣನ ಮಾತಿನಲ್ಲಿ ಒಂದು ಅಂಶ ನಿಜ. ಎಚ್‌ಆರ್ ಈಗಾಗಲೇ ಉತ್ತರ ಕೊಟ್ಟಿರುವ ಪ್ರಶ್ನೆಯನ್ನು ಮ್ಯಾನೇಜರ್‌ಗೆ ಮತ್ತೆ ಕೇಳಿದರೆ ಅವರಿಗೆ ಬೇಸರವಾಗುತ್ತದೆ. ಅಷ್ಟನ್ನು ಒಪ್ಪುತ್ತೇನೆ. ಆದರೆ “ಎಲ್ಲಾ ಎಚ್‌ಆರ್ ಹೇಳಿದ್ದಾರೆ” ಅನ್ನುವುದು ಸರಿಯಲ್ಲ. ನೀವು ಕಳಿಸಿದ ಕಾಗದಗಳಲ್ಲೇ ಅದು ಕಾಣುತ್ತದೆ. ಆಫರ್ ಲೆಟರ್‌ನಲ್ಲಿ ಬೆಳಿಗ್ಗೆ 9.30ಕ್ಕೆ ಬನ್ನಿ ಎಂದಿದೆ. ಆಮೇಲೆ ಬಂದ ಎಚ್‌ಆರ್ ಮೇಲ್‌ನಲ್ಲಿ 10 ಗಂಟೆ ಎಂದಿದೆ. ಯಾರನ್ನು ಕೇಳಿಕೊಂಡು ಒಳಗೆ ಹೋಗಬೇಕು ಅನ್ನುವುದು ಎರಡರಲ್ಲೂ ಇಲ್ಲ. ಇದನ್ನು ನೀವೂ ಗಮನಿಸಿದ್ದೀರಿ, ಆದರೆ ಅದನ್ನು ಐದನೇ ಪ್ಯಾರಾದಲ್ಲಿ, ಕಾಲೇಜಿನ ಬಹುಮಾನಗಳ ಕೆಳಗೆ ಹೂತುಹಾಕಿದ್ದೀರಿ. ಅಷ್ಟು ದೂರ ಯಾರು ಓದುತ್ತಾರೆ ಹೇಳಿ?

ಎಷ್ಟೋ ವರ್ಷದ ಹಿಂದೆ ನಾನು ಮೊದಲ ಬಾರಿ ಒಂದು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದಾಗ ಯಾರಿಗೂ ಏನೂ ಬರೆದಿರಲಿಲ್ಲ. ಹೇಳಿದ ಹೊತ್ತಿಗೆ ಹೋದೆ. ನನ್ನನ್ನು ನೋಡಿಕೊಳ್ಳಬೇಕಾದ ಹಿರಿಯರು ಅಂದು ರಜೆಯಲ್ಲಿದ್ದರು. ಬಾಗಿಲಲ್ಲಿ ಕೂತವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನಾನು ಬರುವ ವಿಷಯ ಒಳಗೆ ಯಾರ ತಲೆಯಲ್ಲೂ ಇರಲಿಲ್ಲ, ಅಷ್ಟೇ. ಆ ಬೆಂಚಿನ ನೆನಪಿನಿಂದಲೇ ಈ ವಿಷಯದಲ್ಲಿ ನನಗೆ ಇಷ್ಟು ಹಟ.

ಇದಾಗಿ ಬಹಳ ವರ್ಷದ ಮೇಲೆ ನಾನೇ ಮೇಜಿನ ಈ ಕಡೆ ಕೂತಿದ್ದಾಗ, ಹೊಸದಾಗಿ ಸೇರಲಿದ್ದ ಹುಡುಗನೊಬ್ಬ ಏಳು ಸಾಲಿನ ಮೇಲ್ ಬರೆದ. “ಸೋಮವಾರ 10ಕ್ಕೆ ಬಂದು ನಿಮ್ಮನ್ನು ಕೇಳುತ್ತೇನೆ” ಎಂದಿತ್ತು. ಅಂದು ನಾನು ಇಡೀ ದಿನ ಪ್ರೆಸ್ಸಿನಲ್ಲಿರಬೇಕಿತ್ತು! ಅವನು ಸೇರುವ ದಿನವೂ ಅದೇ ಎಂದು ನನಗೆ ಹೊಳೆದೇ ಇರಲಿಲ್ಲ. ತಕ್ಷಣ ಸಹೋದ್ಯೋಗಿಯೊಬ್ಬರಿಗೆ ಹೇಳಿ, ಅವರ ಹೆಸರನ್ನು ಹುಡುಗನಿಗೆ ಬರೆದೆ. ಎರಡು ನಿಮಿಷದ ಕೆಲಸ. ಅವನಿಗೆ ನನ್ನ ಬೆಂಚು ತಪ್ಪಿತು.

ಅವನ ಮೇಲ್‌ನಲ್ಲಿ ನನಗೆ ಹಿಡಿಸಿದ್ದು ಒಂದೇ ಗುಣ. ಅವನು ಪ್ರಶ್ನೆ ಕೇಳಿರಲಿಲ್ಲ. ತನಗೆ ಗೊತ್ತಿರುವುದನ್ನು ಹೇಳಿ, ತಪ್ಪಿದ್ದರೆ ನಾನು ತಿದ್ದುವಂತೆ ಬರೆದಿದ್ದ. “ಎಷ್ಟು ಗಂಟೆಗೆ ಬರಲಿ?” ಎಂದು ಕೇಳಿದರೆ ಮ್ಯಾನೇಜರ್ ಹಳೆಯ ಮೇಲ್ ಹುಡುಕಬೇಕು, ಎಚ್‌ಆರ್ ಅನ್ನು ಕೇಳಬೇಕು. ಉತ್ತರ ನಾಳೆಗೆ ಹೋಗುತ್ತದೆ. “9.30ಕ್ಕೆ ಬರುತ್ತೇನೆ” ಎಂದರೆ, ಸರಿಯಿದ್ದಾಗ ಅವರು “ಸರಿ” ಅಂತ ಒಂದು ಪದ ಬರೆದರೂ ಸಾಕು, ಬರೆಯದಿದ್ದರೂ ಸಾಕು. ತಪ್ಪಿದ್ದರೆ ಮಾತ್ರ ಕೈ ತಾನಾಗಿ ಕೀಬೋರ್ಡಿಗೆ ಹೋಗುತ್ತದೆ. ನಿಮ್ಮ ಕಾಗದಗಳಲ್ಲಿ ಎರಡು ಸಮಯ ಇವೆಯಲ್ಲ, ಅಲ್ಲೂ ಹೀಗೇ ಮಾಡಿ. ಎರಡನ್ನೂ ಹೇಳಿ, ಬೇರೆ ಸೂಚನೆ ಬರದಿದ್ದರೆ ಬೇಗನೆಯದಕ್ಕೆ ಬರುತ್ತೇನೆ ಎನ್ನಿ. ಅರ್ಧ ಗಂಟೆ ಮೊದಲೇ ಹೋಗಿ ಕೂತರೆ ಏನೂ ನಷ್ಟವಿಲ್ಲ, ಅಲ್ವಾ?

ಎಲ್ಲದಕ್ಕೂ ಈ ಉಪಾಯ ನಡೆಯುವುದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬರಬೇಕು. ವಿಳಾಸ ಹಳೆಯದಾಗಿದ್ದರೆ ಮೌನವನ್ನು ಒಪ್ಪಿಗೆ ಅಂದುಕೊಂಡು ಕೂರುವ ಹಾಗಿಲ್ಲ. ಅದನ್ನು ಎಚ್‌ಆರ್‌ಗೆ ನೇರವಾಗಿ ಕೇಳಿ, ಉತ್ತರ ಬರುವವರೆಗೆ ಬಿಡಬಾರದು. ನಿಮಗೆ ಕಚೇರಿಯಲ್ಲೇ ಕೊಡುತ್ತಾರಂತೆ, ಆ ಚಿಂತೆಯಿಲ್ಲ.

ಯಾರಿಗೆ ಏನು ಗೊತ್ತಿರುತ್ತದೆ ಎಂದೂ ಸ್ವಲ್ಪ ಯೋಚಿಸಿ. ದಾಖಲೆ, ಸಂಬಳದ ಖಾತೆ, ವಿಮೆ ಇವೆಲ್ಲ ಎಚ್‌ಆರ್ ಕೆಲಸ. ಲಾಗಿನ್, ಲ್ಯಾಪ್‌ಟಾಪ್ ಐಟಿಯವರದು. ಅಂದು ನಿಮ್ಮನ್ನು ಬಂದು ಕರೆದುಕೊಳ್ಳುವವರು ಯಾರು, ಮೊದಲ ದಿನ ಏನು ನಡೆಯುತ್ತದೆ, ಇದು ಮಾತ್ರ ಮ್ಯಾನೇಜರ್‌ಗೆ ಗೊತ್ತು. ಅದನ್ನಷ್ಟೇ ಅವರಿಗೆ ಕೇಳಿ. ನಿಮ್ಮ ಕರಡಿನಲ್ಲಿ ಅವರಿಗೆ ಒಂಬತ್ತು ಪ್ರಶ್ನೆ ಇವೆ. ಎಂಟು ಅವರವಲ್ಲ.

ನಿಮ್ಮ ಒಂದೂವರೆ ಪುಟವನ್ನು ಹೀಗೆ ಇಳಿಸಿದ್ದೇನೆ:

> ವಿಷಯ: ಜೂನ್ 8ರಂದು ಕೆಲಸಕ್ಕೆ ಸೇರುವ ಬಗ್ಗೆ – (ನಿಮ್ಮ ಹೆಸರು)
>
> ನಮಸ್ಕಾರ (ಅವರ ಹೆಸರು) ಅವರೇ,
>
> ನಾನು (ನಿಮ್ಮ ಹೆಸರು). ಜೂನ್ 8ರ ಸೋಮವಾರ ನಿಮ್ಮ ತಂಡಕ್ಕೆ ಡೇಟಾ ಅನಲಿಸ್ಟ್ ಆಗಿ ಸೇರುತ್ತಿದ್ದೇನೆ. ಸಂದರ್ಶನದ ವೇಳೆ ನಿಮ್ಮನ್ನು ಭೇಟಿಯಾಗಲು ಆಗಲಿಲ್ಲ, ಹಾಗಾಗಿ ಈ ಪರಿಚಯ. ಕಳೆದ ಮೂರು ವರ್ಷ ಮಾರಾಟದ ಅಂಕಿಅಂಶಗಳ ವಾರದ ವರದಿ ಸಿದ್ಧಮಾಡುವ ಕೆಲಸದಲ್ಲಿದ್ದೆ.
>
> ಅಂದು ಗುರುತಿನ ಮೂಲ ದಾಖಲೆಗಳೊಂದಿಗೆ ಕಚೇರಿಯ ರಿಸೆಪ್ಷನ್‌ಗೆ ಬರುತ್ತೇನೆ. ಆಫರ್ ಲೆಟರ್‌ನಲ್ಲಿ 9.30, ಎಚ್‌ಆರ್ ಮೇಲ್‌ನಲ್ಲಿ 10 ಗಂಟೆ ಎಂದಿದೆ. ಬೇರೆ ಸೂಚನೆ ಬರದಿದ್ದರೆ 9.30ಕ್ಕೆ ಅಲ್ಲಿರುತ್ತೇನೆ. ಲ್ಯಾಪ್‌ಟಾಪ್ ಅಲ್ಲೇ ಸಿಗುತ್ತದೆ ಎಂದು ಎಚ್‌ಆರ್ ತಿಳಿಸಿದ್ದಾರೆ.
>
> ರಿಸೆಪ್ಷನ್‌ನಲ್ಲಿ ನಿಮ್ಮನ್ನೇ ಕೇಳಲೇ, ಅಥವಾ ಬೇರೆ ಯಾರನ್ನಾದರೂ ಕೇಳಬೇಕೇ?
>
> ಕಚೇರಿಯ ಇಮೇಲ್ ಇನ್ನೂ ತೆರೆದಿಲ್ಲವಾದ್ದರಿಂದ ಅಲ್ಲಿಯವರೆಗೆ ಈ ವಿಳಾಸ ಅಥವಾ ಕೆಳಗಿನ ಮೊಬೈಲ್‌ನಲ್ಲಿ ಸಿಗುತ್ತೇನೆ.
>
> ಧನ್ಯವಾದಗಳು,
> (ನಿಮ್ಮ ಹೆಸರು, ಮೊಬೈಲ್ ನಂಬರ್)

ಬಹುಮಾನಗಳು ಹೋದವು, ಬೇಸರ ಬೇಡ. ಅವರು ನಿಮ್ಮ ರೆಸ್ಯೂಮೆ ನೋಡಿರುತ್ತಾರೆ, ಇಲ್ಲದಿದ್ದರೆ ಬೇಕಾದಾಗ ತರಿಸಿಕೊಳ್ಳುತ್ತಾರೆ. ನಿಮ್ಮ ಕೆಲಸದ ಬಗ್ಗೆ ಒಂದೇ ವಾಕ್ಯ ಉಳಿಸಿದ್ದೇನೆ. ಅದೂ “ಕಷ್ಟಪಟ್ಟು ದುಡಿಯುವವಳು” ಎಂಬಂಥದ್ದಲ್ಲ, ಏನು ಮಾಡುತ್ತಿದ್ದಿರಿ ಅನ್ನುವುದು. ಅದನ್ನು ಓದಿದ ಮ್ಯಾನೇಜರ್‌ಗೆ ಮೊದಲ ವಾರ ನಿಮಗೇನು ಕೊಡಬಹುದು ಎಂದು ತೋಚುತ್ತದೆ. ಬೆಣ್ಣೆಯ ಆತಂಕಕ್ಕೂ ಇದೇ ಉತ್ತರ. ಹೊಗಳಿಕೆಯ ಒಂದು ಪದವೂ ಇಲ್ಲದ ಪತ್ರದಲ್ಲಿ ಬೆಣ್ಣೆ ಎಲ್ಲಿಂದ ಬರಬೇಕು?

ಕಚೇರಿ ಇಮೇಲ್‌ನ ಆ ಸಾಲನ್ನು ತೆಗೆಯಬೇಡಿ. ಎಷ್ಟೋ ಕಡೆ ನೀವು ಸೇರುವ ಮೊದಲೇ ನಿಮ್ಮ ಹೆಸರಲ್ಲಿ ಖಾತೆ ಸಿದ್ಧವಾಗಿರುತ್ತದೆ, ಆದರೆ ಪಾಸ್‌ವರ್ಡ್ ಸಿಗುವುದು ಸೇರಿದ ಮೇಲೆ. ಮ್ಯಾನೇಜರ್ ಮೊದಲ ದಿನದ ಮೀಟಿಂಗ್ ಆಹ್ವಾನವನ್ನು ಆ ವಿಳಾಸಕ್ಕೆ ಕಳಿಸಿ, ನಿಮಗೆ ತಲುಪಿತು ಅಂದುಕೊಂಡಿರುತ್ತಾರೆ. ಅದು ನೀವು ತೆರೆಯಲಾಗದ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಇನ್ನೊಂದು ಎಚ್ಚರಿಕೆ. ಎಚ್‌ಆರ್ ಜೊತೆಗಿನ ಹಳೆಯ ಮೇಲ್‌ಗೇ ರಿಪ್ಲೈ ಒತ್ತಿ, ಅದಕ್ಕೆ ಮ್ಯಾನೇಜರ್ ವಿಳಾಸ ಸೇರಿಸಬೇಡಿ. ಕೆಳಗೆ ಸಂಬಳದ ಮಾತುಕತೆ, ನೀವು ಕಳಿಸಿದ ದಾಖಲೆಗಳ ವಿವರ ಎಲ್ಲ ಸಾಲಾಗಿ ಇರುತ್ತವೆ. ಮ್ಯಾನೇಜರ್ ಅದನ್ನು “ಇವರನ್ನು ಕರೆದುಕೊಂಡು ಬಾ” ಎಂದು ತಂಡದ ಯಾರಿಗೋ ಫಾರ್ವರ್ಡ್ ಮಾಡಿದರೆ, ನಿಮ್ಮ ಸಂಬಳ ನಿಮಗಿಂತ ಮೊದಲು ತಂಡಕ್ಕೆ ಪರಿಚಯವಾಗುತ್ತದೆ. ಹೊಸ ಮೇಲ್ ತೆರೆಯಿರಿ. ಮ್ಯಾನೇಜರ್ ಹೆಸರು `To`ದಲ್ಲಿ, ಎಚ್‌ಆರ್ ಹೆಸರು `Cc`ಯಲ್ಲಿ. `Cc` ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಹೊಡೆದ ಪ್ರತಿ. ಅದು ಹೋಗುತ್ತಿದ್ದದ್ದು ವಿಷಯ ತಿಳಿದಿರಲಿ ಎಂದು, ಉತ್ತರಕ್ಕಲ್ಲ. ಸಮಯದ ಗೊಂದಲ ಎಚ್‌ಆರ್ ಕಣ್ಣಿಗೂ ಬಿದ್ದರೆ ಅವರೇ ಸರಿಪಡಿಸಿಬಿಡಬಹುದು. ಗುರುತಿನ ದಾಖಲೆಯ ಫೋಟೋಗಳನ್ನು ಮಾತ್ರ ಇದಕ್ಕೆ ಲಗತ್ತಿಸಬೇಡಿ. ಅವು ಮ್ಯಾನೇಜರ್‌ಗೆ ಬೇಕಿಲ್ಲ.

ಈ ಗೊಂದಲ ನಿಮ್ಮ ತಲೆಗೆ ಯಾಕೆ ಬಿತ್ತು ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುವ ವಿಷಯ. ಆಫರ್ ಲೆಟರ್ ಒಬ್ಬರು ಬರೆಯುತ್ತಾರೆ. ದಾಖಲೆ ಕೇಳುವ ಮೇಲ್ ಒಂದು ಪೋರ್ಟಲ್‌ನಿಂದ ಬರುತ್ತದೆ. ಲ್ಯಾಪ್‌ಟಾಪ್ ವಿಷಯ ಮತ್ತೊಂದರಿಂದ. ಅರ್ಧಕ್ಕೆ ಅರ್ಧ `noreply` ಎಂಬ ವಿಳಾಸದಿಂದ ಬಂದಿರುತ್ತವೆ. ಉತ್ತರ ಬರೆದರೆ ಓದುವವರೇ ಇಲ್ಲ. ಒಬ್ಬ ಮನುಷ್ಯನನ್ನು ಕೆಲಸಕ್ಕೆ ಕರೆಯುವ ಪತ್ರಕ್ಕೆ ಸಹಿ ಹಾಕುವವರು ಬೇಡವೇ? ಇವನ್ನೆಲ್ಲ ಒಟ್ಟಿಗೆ ಇಟ್ಟು ಓದುವವರು ಇಡೀ ಸಂಸ್ಥೆಯಲ್ಲಿ ಒಬ್ಬರೂ ಇರುವುದಿಲ್ಲ. ಓದುವುದು ಹೊಸಬರು ಮಾತ್ರ. ಅದಕ್ಕೇ 9.30ಕ್ಕೂ 10ಕ್ಕೂ ಇರುವ ವ್ಯತ್ಯಾಸ ನಿಮಗೆ ಕಂಡಿತು, ಅವರಿಗೆ ಕಾಣಲಿಲ್ಲ. ಅದನ್ನು ಹೇಳಲು ನೀವು ಸಂಕೋಚಪಟ್ಟಿರಿ ಅನ್ನುವುದು ನನಗೆ ನಿಜವಾಗಿ ನೋವಿನ ಮಾತು. ತಪ್ಪು ನಿಮ್ಮದಲ್ಲ, ಹಿಡಿದವರು ನೀವು.

ಯಾವಾಗ ಕಳಿಸಬೇಕು? ಜೂನ್ 2ರ ಮಂಗಳವಾರ ಬೆಳಿಗ್ಗೆ. ಅದಕ್ಕಿಂತ ಬಹಳ ಮೊದಲೇ ಕಳಿಸಿದರೆ ಸೋಮವಾರ ಯಾರು ಇರುತ್ತಾರೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಶುಕ್ರವಾರ ಸಂಜೆ ಕಳಿಸಿದರೆ ನೀವು ರಿಸೆಪ್ಷನ್‌ನಲ್ಲಿ ನಿಂತಿರುವಾಗ ಅವರು ಅದನ್ನು ತೆರೆಯುತ್ತಾರೆ. ಕಳಿಸುವ ಮೊದಲು ಮ್ಯಾನೇಜರ್ ವಿಳಾಸವನ್ನು ಎಚ್‌ಆರ್ ಮೇಲ್‌ನಿಂದಲೇ ಕಾಪಿ ಮಾಡಿ. ದೊಡ್ಡ ಸಂಸ್ಥೆಗಳಲ್ಲಿ ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಾರೆ, ಊಹಿಸಿ ಬರೆದರೆ ಬೇರೆಯವರಿಗೆ ಹೋಗುತ್ತದೆ. ಹೆಸರು ನೋಡಿ ಗಂಡೋ ಹೆಣ್ಣೋ ತಿಳಿಯದಿದ್ದರೆ ಸರ್, ಮೇಡಂ ಎರಡೂ ಬೇಡ, ಹೆಸರಿನ ಮುಂದೆ “ಅವರೇ” ಸಾಕು.

ಗುರುವಾರ ಮಧ್ಯಾಹ್ನದವರೆಗೂ ಉತ್ತರ ಬಾರದಿದ್ದರೆ ಮ್ಯಾನೇಜರ್‌ಗೆ ಮತ್ತೆ ಬರೆಯಬೇಡಿ. ನಿಮ್ಮ ಮೇಲ್ ಹೊರಗಿನ ವಿಳಾಸದಿಂದ ಹೋಗಿದೆ, ಸ್ಪ್ಯಾಮ್‌ನಲ್ಲಿ ಕೂತಿರಬಹುದು, ಅಥವಾ ಅವರು ರಜೆಯಲ್ಲಿರಬಹುದು. ಎಚ್‌ಆರ್‌ಗೆ ಫೋನ್ ಮಾಡಿ, “ಸೋಮವಾರ ರಿಸೆಪ್ಷನ್‌ನಲ್ಲಿ ಯಾರ ಹೆಸರು ಹೇಳಲಿ?” ಎಂದು ಕೇಳಿ. ಆ ಹೆಸರನ್ನೂ ಅವರ ನಂಬರನ್ನೂ ಕಾಗದದ ಮೇಲೆ ಬರೆದು, ದಾಖಲೆಗಳ ಜೊತೆ ಚೀಲದಲ್ಲಿಟ್ಟುಕೊಳ್ಳಿ.

— ಸಂಪಾದಕ